ಅವರು ಮಾಡಿದ ಫೋನಿಗೆ ನಂಬರ್ ಹೇಳೋದಿಲ್ಲ

ನವೆಂಬರ್ ಎಂದರೆ ಕೇಂದ್ರ ಸರ್ಕಾರದ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಸಾಬೀತು ಮಾಡಬೇಕಾದ ತಿಂಗಳು. ಎಂಬತ್ತು ದಾಟಿದವರಿಗೆ ಅಕ್ಟೋಬರ್ ಒಂದರಿಂದಲೇ ಅವಕಾಶವಿದೆ, ಮಿಕ್ಕವರು ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಈ ತಾರೀಕುಗಳು ನಮಗೆಷ್ಟು ಗೊತ್ತೋ ಫೋನ್ ಕಳ್ಳರಿಗೂ ಅಷ್ಟೇ ಗೊತ್ತು. ಹಾಗಾಗಿ ದಸರೆ ಮುಗಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಮೈಸೂರಿನ ಬಡಾವಣೆಗಳ ಹಿರಿಯರ ಕೂಟಗಳಿಗೆ ಹೋಗಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಬ್ಯಾಂಕಿನಿಂದ ನಿವೃತ್ತನಾದ ನನಗೆ ವರ್ಷದ ಕೆಲಸವಾಗಿಬಿಟ್ಟಿದೆ.

ಒಂದೇ ಮಾತು ಎಂದದ್ದು ಉತ್ಪ್ರೇಕ್ಷೆಯಲ್ಲ. ಮೊದಮೊದಲು ನಾನು ಗೋಡೆಯ ಮೇಲೆ ಚಿತ್ರ ಮೂಡಿಸಿ ಹದಿನೆಂಟು ಬಗೆಯ ವಂಚನೆಗಳನ್ನು ವಿವರಿಸುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಹಾಗೆ ಮುಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಂಡಿದ್ದವರೇ ಎರಡು ತಿಂಗಳ ನಂತರ ಒಟಿಪಿ ಹೇಳಿ ಹಣ ಕಳೆದುಕೊಂಡರು. ಟಿಪ್ಪಣಿ ಪುಸ್ತಕ ಬೀರುವಿನಲ್ಲಿತ್ತು, ಫೋನು ಕಿವಿಯಲ್ಲಿತ್ತು. ಗಾಬರಿಯಾದಾಗ ಓದಿದ್ದು ನೆನಪಿಗೆ ಬರುವುದಿಲ್ಲ, ಬಾಯಿಪಾಠವಾದದ್ದು ಮಾತ್ರ ಬರುತ್ತದೆ ಎಂದು ಆಗ ತಿಳಿಯಿತು. ಈಗ ನಾನು ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತೇನೆ. ಎಂಬತ್ತೆರಡರ ನಿವೃತ್ತ ಹೆಡ್‌ಮಿಸ್ ಒಬ್ಬರು ಅದನ್ನು ಕಂಡು, "ನಾವು ಮಕ್ಕಳಿಗೆ ಮಾಡಿದ್ದನ್ನ ನೀವು ನಮಗೆ ಮಾಡ್ತಿದ್ದೀರಿ" ಎಂದು ನಕ್ಕರು.

ಹೇಳಿಸುವುದು ಮೂರು ಸಾಲು.

ಅವರು ಮಾಡಿದ ಫೋನಿಗೆ ನಂಬರ್ ಹೇಳೋದಿಲ್ಲ.
ದುಡ್ಡು ಬರೋಕೆ ಪಿನ್ ಬೇಡ.
ಅವಸರ ಮಾಡಿದವನು ಕಳ್ಳ.

ಮೂರು ಸಲ ಎಲ್ಲರ ಕೈಲೂ ಜೋರಾಗಿ ಹೇಳಿಸಿದ ಮೇಲೆ ಕಥೆ ಶುರು. ಕಥೆಯ ನಾಯಕರು ರೈಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಯಜಮಾನರು. ಅವರು ಒಬ್ಬರಲ್ಲ. ಹಲವರು ನನ್ನೆದುರು ಕೂತು ಹೇಳಿಕೊಂಡದ್ದನ್ನು ಒಬ್ಬರ ಹೆಗಲಿಗೆ ಹೊರಿಸಿದ್ದೇನೆ, ಮೊತ್ತಗಳನ್ನೂ ಲೆಕ್ಕಕ್ಕೆ ಸುಲಭವಾಗುವಂತೆ ಇಟ್ಟುಕೊಂಡಿದ್ದೇನೆ. ಮೋಸ ಹೋದವರಿಗೆ ಹಣಕ್ಕಿಂತ ಮರ್ಯಾದೆಯ ಚಿಂತೆ ದೊಡ್ಡದು. ಸಭೆಯಲ್ಲಿ ಯಾರೂ ಇದು ಇಂಥವರ ಕಥೆ ಎಂದು ಬೆರಳು ತೋರಿಸುವ ಹಾಗೆ ಆಗಬಾರದು.

ಯಜಮಾನರ ಉಳಿತಾಯ ಖಾತೆಯಲ್ಲಿ 62,000 ರೂಪಾಯಿ ಇತ್ತು. ಅದೇ ಬ್ಯಾಂಕಿನಲ್ಲಿ 4 ಲಕ್ಷದ ಒಂದು ಠೇವಣಿ. ನವೆಂಬರಿನ ಒಂದು ಬೆಳಿಗ್ಗೆ ಹನ್ನೊಂದಕ್ಕೆ, ಮಗಳು ಕೆಲಸಕ್ಕೆ ಹೋದ ಮೇಲೆ, ಫೋನು ಬಂತು.

"ನಮಸ್ಕಾರ ಸಾರ್, ಪಿಂಚಣಿ ಕಚೇರಿಯಿಂದ ಮಾತಾಡ್ತಿರೋದು. ನೀವು ರೈಲ್ವೆಯಿಂದ ರಿಟೈರ್ ಆದೋರಲ್ವಾ?" ಎಂದು ಶುದ್ಧ ಕನ್ನಡದಲ್ಲಿ ಮಾತು ಆರಂಭವಾಯಿತು. ಕಳ್ಳ ಅಂದರೆ ಹರಕುಮುರಕು ಹಿಂದಿಯಲ್ಲಿ ಮಾತಾಡುತ್ತಾನೆ ಎಂದು ನಂಬಿದವರು ಅದನ್ನು ಮರೆಯುವುದು ಒಳ್ಳೆಯದು. ಆತ ಇವರ ಪೂರ್ತಿ ಹೆಸರು ಹೇಳಿದ, ನಿವೃತ್ತಿಯ ತಾರೀಕು ಹೇಳಿದ, ಪಿಪಿಒ ನಂಬರ್ ಅಂಕಿ ಬಿಡದೆ ಓದಿದ, ಬ್ಯಾಂಕಿನ ಶಾಖೆಯನ್ನೂ ಹೇಳಿದ. ಇಷ್ಟೆಲ್ಲ ಗೊತ್ತಿರುವವನು ಕಚೇರಿಯವನಲ್ಲದೆ ಇನ್ಯಾರು ಎಂದು ಯಜಮಾನರಿಗೆ ಅನ್ನಿಸಿತು.

ಇಲ್ಲಿ ನಾನು ಕಥೆ ನಿಲ್ಲಿಸುತ್ತೇನೆ. ನಮ್ಮ ಪಿಪಿಒ ಪ್ರತಿ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ ಇವೆಲ್ಲ ಎಷ್ಟು ಜೆರಾಕ್ಸ್ ಅಂಗಡಿಗಳಲ್ಲಿ, ಎಷ್ಟು ಅರ್ಜಿಗಳ ಹಿಂದೆ, ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ ಇವೆ ಎಂದು ಲೆಕ್ಕ ಹಾಕಿ ನೋಡಿ. ಅಂಥ ವಿವರಗಳ ಪಟ್ಟಿಗಳು ಕಳ್ಳರ ಕೈ ಸೇರುತ್ತವೆ. ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿಯೇ, ತನ್ನ ಹೆಸರು ಹೇಳಿಕೊಂಡು ಪಿಂಚಣಿದಾರರಿಗೆ ಫೋನು ಮಾಡುವವರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಆದ್ದರಿಂದ ನಮ್ಮ ವಿವರ ಗೊತ್ತಿರುವುದು ಗುರುತಿನ ಚೀಟಿಯಲ್ಲ. ಅವನಿಗೆ ಎಲ್ಲವೂ ಗೊತ್ತಿದೆ, ಒಂದು ಮಾತ್ರ ಗೊತ್ತಿಲ್ಲ. ಆ ಒಂದು ಈಗ ನಿಮ್ಮ ಫೋನಿಗೆ ಬರಲಿದೆ.

ಮತ್ತೊಮ್ಮೆ ಹೇಳಿ ಎನ್ನುತ್ತೇನೆ. ಅವರು ಮಾಡಿದ ಫೋನಿಗೆ ನಂಬರ್ ಹೇಳೋದಿಲ್ಲ.

ಫೋನಿನವನು ಮುಂದುವರಿಸಿದ. "ಸಾರ್, ನಿಮ್ಮ ಜೀವನ ಪ್ರಮಾಣ ಇನ್ನೂ ಬಂದಿಲ್ಲ. ಇವತ್ತು ಸಂಜೆಗೆ ಪಟ್ಟಿ ಮುಚ್ಚುತ್ತೆ. ಈ ವಯಸ್ಸಲ್ಲಿ ನೀವ್ಯಾಕೆ ಬ್ಯಾಂಕಿನವರೆಗೆ ಅಲೀತೀರಿ? ಫೋನಲ್ಲೇ ಮಾಡಿಕೊಡ್ತೀನಿ." ಹೆದರಿಕೆ ಒಂದು ಚಮಚ, ಉಪಕಾರ ಒಂದು ಚಮಚ. ಯಜಮಾನರು ಎಟಿಎಂ ಕಾರ್ಡು ತಂದರು. "ಪಿಂಚಣಿ ಇದೇ ಖಾತೆಗೆ ಬರೋದಾ ಅಂತ ನೋಡಬೇಕು" ಎಂದು ಹೇಳಿ ಆತ ಕಾರ್ಡಿನ ಹದಿನಾರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳನ್ನು ಬರೆದುಕೊಂಡ.

ಯಜಮಾನರು ಯಾವತ್ತೂ ಇಂಟರ್ನೆಟ್ ಬ್ಯಾಂಕಿಂಗ್ ಮಾಡಿದವರಲ್ಲ. ಅದನ್ನು ಮಾಡದವರಿಗೆ ಅಪಾಯವಿಲ್ಲ ಎಂದು ಅವರು ತಿಳಿದಿದ್ದರು, ನಮ್ಮ ಸಭೆಗಳಲ್ಲೂ ಅರ್ಧದಷ್ಟು ಜನ ಹಾಗೇ ತಿಳಿದಿರುತ್ತಾರೆ. ವಾಸ್ತವ ತಿರುಗುಮುರುಗು. ಬ್ಯಾಂಕಿನಿಂದ ಬ್ಯಾಂಕಿಗೆ ಕ್ರಮ ಬೇರೆಯಾದರೂ, ಹಲವೆಡೆ ಖಾತೆಯ ವಿವರ, ಕಾರ್ಡಿನ ವಿವರ ಮತ್ತು ನೋಂದಾಯಿತ ಮೊಬೈಲಿಗೆ ಬರುವ ಒಟಿಪಿ ಇದ್ದರೆ ಇಂಟರ್ನೆಟ್ ಬ್ಯಾಂಕಿಂಗನ್ನು ಮನೆಯಲ್ಲೇ ಕೂತು ಹೊಸದಾಗಿ ತೆರೆಯಬಹುದು. ಯಜಮಾನರು ತೆರೆಯದೆ ಬಿಟ್ಟಿದ್ದ ಆ ಬಾಗಿಲನ್ನು ಕಳ್ಳ ಅವರ ಹೆಸರಿನಲ್ಲಿ ತೆರೆದ.

ಮೊದಲ ಸಂದೇಶ ಬಂತು. "ಒಂದು ನಂಬರ್ ಬಂದಿರುತ್ತೆ ನೋಡಿ ಸಾರ್, ಅದು ನಿಮ್ಮ ಹೆಸರು ಖಾತ್ರಿಗೆ." ಯಜಮಾನರು ಕನ್ನಡಕ ಏರಿಸಿ ಆರು ಅಂಕಿ ಓದಿದರು. ಐದು ನಿಮಿಷಕ್ಕೆ ಎರಡನೆಯದು ಬಂತು. "ಇದು ಆಧಾರ್ ಖಾತ್ರಿಗೆ." ಅದನ್ನೂ ಓದಿದರು. "ಆಯ್ತು ಸಾರ್, ಕಂಪ್ಯೂಟರ್ ಒಪ್ಪಿಕೊಳ್ಳೋಕೆ ಒಂದು ದಿನ ಹಿಡಿಯುತ್ತೆ. ನಾಳೆ ಇದೇ ಹೊತ್ತಿಗೆ ಮಾಡ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳಬೇಡಿ, ಅರ್ಜಿ ಗೋಪ್ಯ."

ಆ ಎರಡು ಸಂದೇಶಗಳನ್ನು ಆಮೇಲೆ ನಾನು ಕೂತು ಓದಿದೆ. ಮೊದಲನೆಯದರಲ್ಲಿ ಇಂಟರ್ನೆಟ್ ಬ್ಯಾಂಕಿಂಗ್ ನೋಂದಣಿಗೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎರಡನೆಯದರಲ್ಲಿ ಹೊಸ ವ್ಯಕ್ತಿಗೆ ಹಣ ಕಳಿಸಲು ಹೆಸರು ಸೇರಿಸುವುದಕ್ಕೆ ಎಂದಿತ್ತು. ಎರಡರ ಕೊನೆಯಲ್ಲೂ ಯಾರಿಗೂ ಹೇಳಬೇಡಿ ಎಂದಿತ್ತು. ಯಜಮಾನರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಮೂವತ್ತೈದು ವರ್ಷ ಇಂಗ್ಲಿಷಿನಲ್ಲೇ ಕಡತ ಬರೆದವರು. ಆದರೆ ಫೋನಿನವನು ನಂಬರ್ ಓದಿ ಎಂದ, ಅವರ ಕಣ್ಣು ನಂಬರನ್ನೇ ಹುಡುಕಿತು. ಸುತ್ತಲಿನ ಅಕ್ಷರಗಳು ಅವರಿಗೆ ಕಾಣಲೇ ಇಲ್ಲ.

ಈ ಇಡೀ ವಂಚನೆಯ ಕೀಲು ಇರುವುದು ಅಲ್ಲಿಯೇ. ಒಟಿಪಿ ಎಂದರೆ ಬ್ಯಾಂಕು ನಮ್ಮನ್ನು ಕೇಳುವ ಪ್ರಶ್ನೆ. "ಈ ಕೆಲಸ ಮಾಡಲು ಹೇಳಿದ್ದು ನೀವೇನಾ?" ಎಂದು ಅದು ಕೇಳುತ್ತದೆ. ನಂಬರು ಕೊಟ್ಟರೆ "ಹೌದು, ನಾನೇ" ಎಂದು ಸಹಿ ಹಾಕಿದ ಹಾಗೆ. ಕಾರ್ಡಿನ ನಂಬರಿನಿಂದಲೇ ಆನ್‌ಲೈನಿನಲ್ಲಿ ಖರೀದಿ ಮಾಡಿಬಿಡುವ ಕಾಲವಿತ್ತು. ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ಖಾತ್ರಿ ಇರಲೇಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿತು. ಆ ಬೀಗ ಗಟ್ಟಿಯಾಗಿದೆ. ಅದನ್ನು ಒಡೆಯಲು ಬಾರದ್ದರಿಂದಲೇ ಇಷ್ಟೊಂದು ವಿನಯದ ಫೋನುಗಳು ಬರುತ್ತಿರುವುದು.

ಆದ್ದರಿಂದ ಸಂದೇಶ ಬಂದರೆ ಮೊದಲು ಅಕ್ಷರ ಓದಿ, ಆಮೇಲೆ ಅಂಕಿ. ಇಂಗ್ಲಿಷ್ ತೊಡಕಾದರೆ ನಾಲ್ಕೇ ಪದಗಳ ಗುರುತು ಇಟ್ಟುಕೊಳ್ಳಿ. debit ಎಂದರೆ ಖಾತೆಯಿಂದ ಹಣ ಹೋಗುತ್ತದೆ. transfer ಎಂದರೂ ಹೋಗುತ್ತದೆ. beneficiary ಅಥವಾ payee ಎಂದಿದ್ದರೆ ಯಾರಿಗೋ ಹಣ ಕಳಿಸುವ ಏರ್ಪಾಡು ನಡೆದಿದೆ. registration ಎಂದರೆ ನಿಮ್ಮ ಹೆಸರಿನಲ್ಲಿ ಹೊಸ ಬಾಗಿಲು ತೆರೆಯುತ್ತಿದೆ. ನೀವು ಈಗ ಆ ಕೆಲಸಕ್ಕೆ ಕೈ ಹಾಕಿಲ್ಲ ಎಂದಾದರೆ ಇನ್ಯಾರೋ ಹಾಕಿದ್ದಾರೆ.

ಯಜಮಾನರ ಕಥೆಗೆ ಬರೋಣ. ಕಳ್ಳ ಒಂದು ದಿನ ಕಾಯಲು ಕಾರಣವಿತ್ತು. ಹೊಸದಾಗಿ ಸೇರಿಸಿದ ಹೆಸರಿಗೆ ತಕ್ಷಣವೇ ದೊಡ್ಡ ಮೊತ್ತ ಕಳಿಸಲು ಹಲವು ಬ್ಯಾಂಕುಗಳು ಬಿಡುವುದಿಲ್ಲ, ಕೆಲವು ಗಂಟೆಗಳ ತಡೆಯೋ ಮಿತಿಯೋ ಇರುತ್ತದೆ. ಇಂಥ ಸಂದರ್ಭಗಳಿಗೆಂದೇ ಇಟ್ಟ ತಡೆ ಅದು. ಅಂದರೆ ಮೊದಲ ದಿನ ಎರಡು ಒಟಿಪಿ ಹೇಳಿದ ಮೇಲೂ ಯಜಮಾನರ ಒಂದು ರೂಪಾಯಿಯೂ ಹೋಗಿರಲಿಲ್ಲ. ಆ ಸಂಜೆ ಮಗಳಿಗೆ ಒಂದು ಮಾತು ಹೇಳಿದ್ದರೆ, ಅಥವಾ ಬ್ಯಾಂಕಿಗೆ ಫೋನು ಮಾಡಿದ್ದರೆ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಟಿಪಿ ಹೇಳಿಬಿಟ್ಟೆ, ಇನ್ನೇನು ಮಾಡಿದರೂ ಅಷ್ಟೇ ಎಂದು ಕೈಚೆಲ್ಲಿ ಕೂರುವವರು ಈ ರಾತ್ರಿಯನ್ನು ನೆನೆಯಬೇಕು. ಯಾರಿಗೂ ಹೇಳಬೇಡಿ ಎಂದು ಕಳ್ಳ ಹೇಳಿದ್ದೂ ಈ ರಾತ್ರಿಯ ಸಲುವಾಗಿಯೇ. ಸರ್ಕಾರಿ ಕಚೇರಿಯವರು ನಮಗೆ ಎಷ್ಟೋ ಸಲ ನಾಳೆ ಬನ್ನಿ ಎಂದಿದ್ದಾರೆ, ಮಗಳಿಗೆ ಹೇಳಬೇಡಿ ಎಂದು ಎಂದಾದರೂ ಹೇಳಿದ್ದುಂಟೇ?

ಮರುದಿನ ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ಮೂರನೆಯ ಒಟಿಪಿಯಿಂದ ಠೇವಣಿ ಮುರಿಯಿತು. ಉಳಿತಾಯ ಖಾತೆಗೆ 4 ಲಕ್ಷ ಜಮಾ ಆಯಿತೆಂದು ಸಂದೇಶ ಬಂದಾಗ ಕಳ್ಳ ಹೇಳಿದ ಮಾತು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. "ನೋಡಿದ್ರಾ ಸಾರ್, ನಿಮ್ಮ ಹಳೇ ಅರಿಯರ್ಸ್ ಬಂತು." ತಮ್ಮದೇ ಠೇವಣಿಯ ಹಣವನ್ನು ಕಂಡು ಯಜಮಾನರು ಅವನಿಗೆ ಕೈಮುಗಿದರು. ಅದಾದ ಹತ್ತು ನಿಮಿಷದಲ್ಲಿ ಇನ್ನೂ ಮೂರು ಒಟಿಪಿ. 2 ಲಕ್ಷ, 2 ಲಕ್ಷ, 50,000. ಖಾತೆಯಲ್ಲಿ ಉಳಿದದ್ದು 12,000 ಮತ್ತು ಒಂದಿಷ್ಟು ಬಡ್ಡಿ.

ಅವಸರ ಮಾಡಿದವನು ಕಳ್ಳ ಎನ್ನುವ ಸಾಲನ್ನು ಸಭೆ ಇಲ್ಲಿ ತಾನಾಗಿಯೇ ಹೇಳುತ್ತದೆ, ನಾನು ಕೇಳುವುದೇ ಬೇಡ. "ಇವತ್ತು ಸಂಜೆಗೆ ಪಟ್ಟಿ ಮುಚ್ಚುತ್ತೆ" ಎಂದನಲ್ಲ, ಅದನ್ನೇ ಬೇರೆ ಬೇರೆ ವೇಷದಲ್ಲಿ ಕೇಳುತ್ತೀರಿ. ರಾತ್ರಿ ಒಂಬತ್ತೂವರೆಗೆ ಕರೆಂಟ್ ತೆಗೀತೀವಿ. ನಿಮ್ಮ ಸಿಮ್ ಎರಡು ಗಂಟೆಯಲ್ಲಿ ಬಂದ್ ಆಗುತ್ತೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೊ ಕಾಲ್ ಬಿಟ್ಟು ಏಳಬೇಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ. ಹಾಗೊಂದು ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೊದಲ್ಲಿ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ, ಬಿಡುಗಡೆಗೆ ಹಣ ವರ್ಗಾಯಿಸಿ ಎನ್ನುವುದೂ ಇಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಅಮ್ಮ ನನ್ನ ಮೊದಲ ಸಾಲಿಗೇ ಕೊಕ್ಕೆ ಹಾಕಿದರು. "ಅಲ್ಲಪ್ಪಾ, ಗ್ಯಾಸ್ ಸಿಲಿಂಡರ್ ಹುಡುಗ ಬಂದಾಗ ನಂಬರ್ ಕೇಳ್ತಾನೆ, ಹೇಳ್ತೀವಿ. ಆಟೋ ಬುಕ್ ಮಾಡಿದ್ರೂ ಹೇಳ್ತೀವಿ. ಯಾರಿಗೂ ಹೇಳಬೇಡಿ ಅಂದ್ರೆ ಅಡುಗೆ ಮಾಡೋದು ಹೇಗೆ?" ಬಹಳ ಒಳ್ಳೆಯ ಪ್ರಶ್ನೆ. "ಒಟಿಪಿ ಯಾರಿಗೂ ಹೇಳಬೇಡಿ" ಎಂಬ ಪ್ರಚಾರದ ವಾಕ್ಯ ಸೋಲುವುದು ಇಲ್ಲೇ. ದಿನನಿತ್ಯ ನಾವು ಒಂದಲ್ಲ ಒಂದು ನಂಬರನ್ನು ಯಾರಿಗಾದರೂ ಹೇಳುತ್ತಲೇ ಇರುತ್ತೇವೆ, ಹೇಳಿ ಹೇಳಿ ನಾಲಗೆ ಸಡಿಲವಾಗಿದೆ. ಅದಕ್ಕೇ ನನ್ನ ಸಾಲಿನಲ್ಲಿ "ಅವರು ಮಾಡಿದ ಫೋನಿಗೆ" ಎಂದು ಇರುವುದು. ಸಿಲಿಂಡರ್ ನೀವೇ ಬುಕ್ ಮಾಡಿದ್ದು. ಹುಡುಗ ಬಾಗಿಲಲ್ಲಿ ನಿಂತಿದ್ದಾನೆ, ಸಿಲಿಂಡರ್ ಕಣ್ಣೆದುರು ಇದೆ. ಆ ಸಂದೇಶದಲ್ಲಿ ಬ್ಯಾಂಕಿನ ಹೆಸರಿಲ್ಲ. ಹೇಳಬಹುದು. ಅದೇ ಹುಡುಗ ಫೋನಿನಲ್ಲಿ, "ಪಾರ್ಸೆಲ್ ಕ್ಯಾನ್ಸಲ್ ಮಾಡಬೇಕು, ನಂಬರ್ ಹೇಳಿ" ಎಂದರೆ ಹೇಳುವಂತಿಲ್ಲ. ವಸ್ತು ಎದುರಿಗಿದ್ದರೆ ಮಾತ್ರ ನಂಬರು, ಫೋನಿನಲ್ಲಿ ಇಲ್ಲ. ಅಮ್ಮ ಸ್ವಲ್ಪ ಯೋಚಿಸಿ, "ಹಾಗಾದ್ರೆ ಸರಿ" ಎಂದರು.

ಇನ್ನೊಬ್ಬರ ದೂರು ಇನ್ನೂ ಬಿಗಿಯಾದದ್ದು. "ನಾನು ಒಟಿಪಿ ಹೇಳೇ ಇಲ್ಲ ಸಾರ್, ಆದ್ರೂ ಹೋಯ್ತು." ಅವರ ಮಾತು ನಿಜ. ವಾಟ್ಸಾಪಿನಲ್ಲಿ ಅವರಿಗೆ ಒಂದು ಕಡತ ಬಂದಿತ್ತು, ಕೊನೆಯಲ್ಲಿ .apk ಎಂಬ ಅಕ್ಷರಗಳಿದ್ದವು. ಕೆಲವರಿಗೆ ಅದು ಮದುವೆಯ ಕರೆಯೋಲೆಯ ಹೆಸರಿನಲ್ಲಿ ಬರುತ್ತದೆ, ಕೆಲವರಿಗೆ ಟ್ರಾಫಿಕ್ ದಂಡದ ಚಲನ್ ಎಂದು, ಪಿಂಚಣಿದಾರರಿಗೆ ಜೀವನ ಪ್ರಮಾಣದ ಅರ್ಜಿ ಎಂದು. ಕರೆಯೋಲೆ ಅಂದರೆ ಚಿತ್ರವೋ ಪಿಡಿಎಫ್ಫೋ ಇರಬೇಕು. .apk ಎಂದಿದ್ದರೆ ಅದು ಫೋನಿನೊಳಗೆ ಕೂರುವ ಒಂದು ಆ್ಯಪ್. ಒತ್ತಿದಾಗ ಅದು ನಿಮ್ಮ ಸಂದೇಶಗಳನ್ನು ಓದಲು ಅನುಮತಿ ಕೇಳುತ್ತದೆ, ನಾವು ಅಭ್ಯಾಸಬಲದಿಂದ ಸರಿ ಎಂದು ಒತ್ತುತ್ತೇವೆ. ಆಮೇಲೆ ಬಂದ ಪ್ರತಿ ಒಟಿಪಿಯನ್ನೂ ಅದು ಸದ್ದಿಲ್ಲದೆ ಕಳ್ಳನಿಗೆ ದಾಟಿಸುತ್ತದೆ. ಪರಿಚಿತರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ವಾಟ್ಸಾಪ್ ಮೊದಲು ಕಳ್ಳರ ವಶವಾಗಿರಬಹುದು. ಒತ್ತಿಬಿಟ್ಟಿದ್ದರೆ ಆ ಫೋನನ್ನು ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ, ಮನೆಯ ಬೇರೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯನ್ನು ತಡೆಹಿಡಿಸಿ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಕೊಳ್ಳಿ ಎನ್ನುವವರದೂ ಇದೇ ಜಾತಿ. ನಿಮ್ಮ ಪರದೆಯಲ್ಲಿ ಕಾಣುವುದೆಲ್ಲ ಅವರಿಗೂ ಕಾಣುತ್ತದೆ, ಒಟಿಪಿ ಕೂಡ. ಎನಿಡೆಸ್ಕ್ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಪಿನ್ನಿನ ಸಾಲಿಗೆ ಹೆಚ್ಚು ವಿವರಣೆ ಬೇಕಿಲ್ಲ. ಹಳೆಯ ಸೋಫಾ ಮಾರುತ್ತೀರಿ. ಕೊಳ್ಳುವವನು ಕ್ಯೂಆರ್ ಚಿತ್ರ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಎನ್ನುತ್ತಾನೆ. ಯುಪಿಐ ಪಿನ್ ಒತ್ತುವುದು ಹಣ ಕಳಿಸಲು ಮತ್ತು ನಮ್ಮ ಖಾತೆಯ ಬಾಕಿ ನೋಡಲು. ಪಡೆಯಲು ಏನೂ ಒತ್ತಬೇಕಿಲ್ಲ. ದುಡ್ಡು ಬರೋಕೆ ಪಿನ್ ಬೇಡ. ತರಕಾರಿ ಗಾಡಿಯವನು ನಮ್ಮಿಂದ ಹಣ ಪಡೆಯುವಾಗ ತನ್ನ ಫೋನನ್ನು ಮುಟ್ಟುತ್ತಾನೆಯೇ ಎಂದು ಗಮನಿಸಿ, ಸಾಕು.

ಇಷ್ಟು ಹೇಳಿದ ಮೇಲೂ ಸಭೆಯಲ್ಲಿ ನಾನು ಅತ್ಯಂತ ಹೆಚ್ಚು ಸಮಯ ಕೊಡುವುದು ಬೇರೆಯದಕ್ಕೆ. ಅದು ಫೋನು ಇಡುವ ಅಭ್ಯಾಸ. ನಮ್ಮ ತಲೆಮಾರಿಗೆ ಮಾತಿನ ನಡುವೆ ಫೋನು ಇಡುವುದು ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅನುಮಾನ ಬಂದಿತ್ತು, ಆದರೆ ಆ ಹುಡುಗ ಅಷ್ಟು ಗೌರವದಿಂದ ಮಾತಾಡುತ್ತಿದ್ದ, ಹೇಗೆ ಇಡುವುದು ಎಂದು ಹಣ ಕಳೆದುಕೊಂಡವರು ಎಷ್ಟೋ ಮಂದಿ ಹೇಳಿದ್ದಾರೆ. ಅಂದರೆ ಕಳ್ಳ ಕಸುಬು ಮಾಡುತ್ತಿರುವುದು ನಮ್ಮ ಅಜ್ಞಾನದ ಮೇಲಲ್ಲ, ನಮ್ಮ ಸೌಜನ್ಯದ ಮೇಲೆ. ಹಾಗಾಗಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ನಾಟಕ ಆಡಿಸುತ್ತೇನೆ. ಒಬ್ಬರು ಪಿಂಚಣಿ ಕಚೇರಿಯವರು, ಇನ್ನೊಬ್ಬರು "ನಾನೇ ಬ್ಯಾಂಕಿಗೆ ಹೋಗಿ ಕೇಳ್ತೀನಿ" ಎಂದು ಒಂದೇ ವಾಕ್ಯ ಹೇಳಿ, ಉತ್ತರಕ್ಕೆ ಕಾಯದೆ ಫೋನು ಇಡಬೇಕು. ಮೊದಲ ಸುತ್ತಿನಲ್ಲಿ ಮುಕ್ಕಾಲು ಪಾಲು ಜನ ಉತ್ತರಕ್ಕೆ ಕಾಯುತ್ತಾರೆ! ಕೆಲವರು ಬೇಸರ ಮಾಡ್ಕೋಬೇಡಪ್ಪಾ ಎಂದೂ ಸೇರಿಸುತ್ತಾರೆ. ನಾಲ್ಕು ಸುತ್ತು ಆದ ಮೇಲೆ ಕೈ ಹದಕ್ಕೆ ಬರುತ್ತದೆ.

ಫೋನು ಇಟ್ಟ ಮೇಲೆ ನಿಜವಾಗಿಯೂ ಬ್ಯಾಂಕಿಗೆ ಹೋಗಿ, ಅಥವಾ ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಗ್ರಾಹಕ ಸೇವಾ ನಂಬರು ಬೇಡ, ಅಲ್ಲೂ ಕಳ್ಳರು ತಮ್ಮ ನಂಬರು ನೆಟ್ಟಿರುತ್ತಾರೆ. ಬ್ಯಾಂಕುಗಳ ಸೇವಾ ಕರೆಗಳಿಗೆಂದು 1600ರಿಂದ ಆರಂಭವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಸಾಮಾನ್ಯ ಮೊಬೈಲ್ ನಂಬರಿನಿಂದ ಬ್ಯಾಂಕು ಎಂದರೆ ಅನುಮಾನಿಸಲು ಅದೊಂದು ಗುರುತು. ಆದರೆ 1600 ಎಂದು ಕಂಡರೂ ನಮ್ಮ ಮೊದಲ ಸಾಲು ಬದಲಾಗುವುದಿಲ್ಲ.

ಜೀವನ ಪ್ರಮಾಣಕ್ಕೂ ಫೋನಿನವನ ಉಪಕಾರ ಬೇಕಿಲ್ಲ. 2014ರ ನವೆಂಬರಿನಿಂದ ಅದು ಡಿಜಿಟಲ್ ಆಗಿದೆ. ಬ್ಯಾಂಕಿನಲ್ಲಿ ಬೆರಳು ಒತ್ತಿ ಕೊಡಬಹುದು, ಅಂಚೆ ಕಚೇರಿಯಲ್ಲಿ ಕೊಡಬಹುದು, ಪೋಸ್ಟ್‌ಮನ್‌ರನ್ನು ಮನೆಗೇ ಕರೆಸಬಹುದು, ಮಗನೋ ಸೊಸೆಯೋ ಪಕ್ಕದಲ್ಲಿದ್ದರೆ ಅವರ ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಆ ಕೊನೆಯ ವಿಧಾನದಲ್ಲಿ ಒಟಿಪಿ ಬರುತ್ತದೆ, ಸುಳ್ಳು ಹೇಳಲಾರೆ. ಆದರೆ ಅದನ್ನು ಒತ್ತುವವರು ನೀವು, ನಿಮ್ಮ ಮನೆಯಲ್ಲಿ, ನೀವೇ ಶುರು ಮಾಡಿದ ಕೆಲಸಕ್ಕೆ. ಯಾರಿಗೂ ಓದಿ ಹೇಳುವುದಿಲ್ಲ.

ಯಜಮಾನರ ಮಗಳು ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಪ್ಪ ಸಂಭ್ರಮದಿಂದ ಅರಿಯರ್ಸ್ ವಿಷಯ ಹೇಳಿದರು. ಆಕೆ ಸಂದೇಶಗಳನ್ನು ನೋಡಿದಳು. ಒಂದೂಮುಕ್ಕಾಲಿಗೆ 1930ಕ್ಕೆ ಕರೆ ಹೋಯಿತು.

ಆ ನಂಬರನ್ನು ನೆನಪಿಡಲು ನಮ್ಮ ವಯಸ್ಸಿನವರಿಗೆ ಕಷ್ಟವಿಲ್ಲ. ದಾಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ ಇಸವಿ, ನಮ್ಮ ಅಂಕೋಲೆಯ ಜನ ಉಪ್ಪು ಮಾಡಿದ ಇಸವಿ, 1930. ದುಡ್ಡು ಹೋದರೆ ಉಪ್ಪಿನ ಸತ್ಯಾಗ್ರಹ ಎಂದು ಹೇಳಿಕೊಟ್ಟ ಮೇಲೆ ಯಾರೂ ಮರೆತಿಲ್ಲ. ಕರೆ ತೆಗೆದುಕೊಂಡವರು ಕೇಳುವುದು ಯಾವ ಬ್ಯಾಂಕು, ಖಾತೆ ನಂಬರು, ಎಷ್ಟು ಹಣ, ಯಾವ ತಾರೀಕು, ಎಷ್ಟು ಹೊತ್ತಿಗೆ, ವಹಿವಾಟಿನ ನಂಬರು ಏನು. ಇವೆಲ್ಲ ಹಣ ಕಡಿತವಾದ ಸಂದೇಶದಲ್ಲೇ ಇರುತ್ತವೆ. ಅದಕ್ಕೇ ನಾಚಿಕೆಯಿಂದಲೋ ಸಿಟ್ಟಿನಿಂದಲೋ ಸಂದೇಶ ಅಳಿಸಬೇಡಿ. ಇಲ್ಲೂ ಒಂದು ಮಾತು. ಅವರೂ ಒಟಿಪಿ, ಪಿನ್ ಕೇಳುವುದಿಲ್ಲ. ಆಮೇಲೆ ಹಣ ವಾಪಸ್ ಕೊಡಿಸುತ್ತೇವೆ ಎಂದು ತಾವಾಗಿ ಫೋನು ಮಾಡಿ ಶುಲ್ಕ ಕೇಳುವವರು ಹಳೆಯ ಕಳ್ಳರ ತಮ್ಮಂದಿರು.

1930ಕ್ಕೆ ಹೇಳಿದ ವಿವರ ಹಣ ಸೇರಿದ ಬ್ಯಾಂಕಿಗೆ ಹೋಗುತ್ತದೆ. ಕಳ್ಳರು ಹಣವನ್ನು ತಮ್ಮ ಸ್ವಂತ ಖಾತೆಗೆ ಹಾಕಿಕೊಳ್ಳುವುದಿಲ್ಲ. ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ ಹಾಕಿ, ಅಲ್ಲಿಂದ ಹಲವು ಖಾತೆಗಳಿಗೆ ಒಡೆದು, ಎಟಿಎಂನಲ್ಲಿ ನಗದು ಮಾಡುತ್ತಾರೆ. ಹಣ ಯಾವುದಾದರೂ ಖಾತೆಯಲ್ಲಿ ಕೂತಿರುವಾಗಲೇ ತಡೆ ಬಿದ್ದರೆ ಅದು ಅಲ್ಲೇ ನಿಲ್ಲುತ್ತದೆ, ನಗದಾದರೆ ಹೋದಂತೆಯೇ. ಯಜಮಾನರ ಮೊದಲ 2 ಲಕ್ಷ ನಗದಾಗಿ ಹೋಗಿತ್ತು. ಉಳಿದ ಎರಡೂವರೆ ಲಕ್ಷ ಬೇರೆ ಬೇರೆ ಖಾತೆಗಳಲ್ಲಿ ನಿಂತಿತು. ನಿಂತಿತು ಎಂದರೆ ಮನೆಗೆ ಬಂತು ಎಂದಲ್ಲ. cybercrime.gov.in ಎಂಬ ತಾಣದಲ್ಲಿ ಪೂರ್ತಿ ದೂರು, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ಪ್ರಕರಣ, ಆಮೇಲೆ ನ್ಯಾಯಾಲಯದ ಆದೇಶ. ತಿಂಗಳುಗಟ್ಟಲೆ ಓಡಾಟ.

ಬ್ಯಾಂಕು ತುಂಬಿಕೊಡುವುದಿಲ್ಲವೇ ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದನ್ನು ವಿಂಗಡಿಸಿ ಹೇಳುತ್ತದೆ. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ನಷ್ಟವಾಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ. ಆದರೆ ಒಟಿಪಿಯನ್ನು ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು. ಆದ್ದರಿಂದ 1930ಕ್ಕೆ ಹೇಳಿದ ಹಾಗೆಯೇ ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ಹೇಳಿ ದೂರಿನ ನಂಬರು ಬರೆಸಿಕೊಳ್ಳಬೇಕು. ಎಷ್ಟು ಹೊತ್ತಿಗೆ ಹೇಳಿದಿರಿ ಎಂಬುದೇ ಮುಂದೆ ದಾಖಲೆ.

ಮುಗಿಸುವ ಮುನ್ನ ಎಲ್ಲರಿಗೂ ಮನೆಗೆಲಸ ಕೊಡುತ್ತೇನೆ. ಸೋಮವಾರ ಶಾಖೆಗೆ ಹೋಗಿ ಮೂರು ಕೇಳಿ ಬನ್ನಿ. ಕಾರ್ಡನ್ನು ಎಟಿಎಂಗೆ ಮಾತ್ರ ಇಟ್ಟುಕೊಂಡು ಆನ್‌ಲೈನ್ ಬಳಕೆ ಬಂದ್ ಮಾಡಿಕೊಡಿ. ದಿನಕ್ಕೆ ಖಾತೆಯಿಂದ ಹೋಗಬಹುದಾದ ಮೊತ್ತವನ್ನು ಕಡಿಮೆಗೆ ಇಳಿಸಿ. ನನ್ನ ಠೇವಣಿಯನ್ನು ಆನ್‌ಲೈನಿನಲ್ಲಿ ಯಾರೂ ಮುರಿಯಲಾಗದಂತೆ ಮಾಡಲು ನಿಮ್ಮಲ್ಲಿ ದಾರಿಯಿದೆಯೇ? ಮೊದಲನೆಯದಕ್ಕೆ ಬ್ಯಾಂಕು ಇಲ್ಲ ಎನ್ನುವಂತಿಲ್ಲ, ಕಾರ್ಡಿಗೆ ಆ ಸ್ವಿಚ್ ಇರಬೇಕೆಂದು ರಿಸರ್ವ್ ಬ್ಯಾಂಕೇ 2020ರಲ್ಲಿ ಹೇಳಿದೆ. ಮೂರನೆಯದಕ್ಕೆ ಒಂದೊಂದು ಬ್ಯಾಂಕಿನ ಉತ್ತರ ಒಂದೊಂದು ಥರ.

ಹೋದ ಸಲದ ಸಭೆಯಲ್ಲಿ ಸಿಲಿಂಡರಿನ ಅಮ್ಮ ಮತ್ತೆ ಬಂದಿದ್ದರು. ತಮಗೊಂದು ಫೋನು ಬಂದಿತ್ತೆಂದೂ, ವಾಕ್ಯ ಹೇಳಿ ಇಟ್ಟೆನೆಂದೂ ಹೇಳಿದರು. ಆಮೇಲೆ ಬ್ಯಾಂಕಿನಲ್ಲಿ ವಿಚಾರಿಸಿದರೆ ಅದು ಅವರ ಶಾಖೆಯ ಹುಡುಗಿಯೇ ಅಂತೆ, ಲಾಕರಿನ ಬಾಡಿಗೆ ನೆನಪಿಸಲು ಮಾಡಿದ್ದಳು. "ಬೇಜಾರಾಯ್ತೇನಮ್ಮಾ ಅಂತ ಕೇಳಿದೆ" ಎಂದರು. "ಇಲ್ಲ ಅಜ್ಜಿ, ಹಾಗೇ ಮಾಡಿ ಅಂದ್ಲು."